ರೊಟ್ಟಿ ಸಣ್ಣದಾಯಿತು, ದಾನಿ ಎತ್ತರವಾದಳು

ಮೊರಬದ ಕಸ್ತೂರೆವ್ವ ಹುಟ್ಟಿದ್ದು ಕಲಘಟಗಿ ಕಡೆಯ ತಂಬೂರಿನಲ್ಲಿ, ಅಂದರೆ ಅನ್ನ ಉಣ್ಣುವ ಸೀಮೆಯಲ್ಲಿ. ಮದುವೆಯಾಗಿ ಈ ಕಪ್ಪು ಮಣ್ಣಿನ ಊರಿಗೆ ಬಂದು ಆಕೆ ಬಡಿದ ಮೊದಲ ರೊಟ್ಟಿಯನ್ನು ಅತ್ತೆ ಎತ್ತಿ ಹಿಡಿದು, "ಇದೇನ ರೊಟ್ಟಿನೋ, ಹೊಲದ ನಕಾಶೀನೋ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ್ದಳು. ಕಸ್ತೂರೆವ್ವ ಅಳಲಿಲ್ಲ. ಆಕೆ ಅಳುವ ಪೈಕಿಯಲ್ಲ, ಹಟ ಹಿಡಿಯುವ ಪೈಕಿ. ಒಂದೇ ಸುಗ್ಗಿಯಲ್ಲಿ ಅತ್ತೆಯನ್ನು ಮೀರಿಸಿದಳು. ಅತ್ತೆ ಸಾಯುವವರೆಗೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸೊಸೆ ಬಡಿದ ರೊಟ್ಟಿಯನ್ನಲ್ಲದೆ ಬೇರೆಯವರದನ್ನು ಮುಟ್ಟಲೂ ಇಲ್ಲ.

ಈಗ ಕಸ್ತೂರೆವ್ವನಿಗೆ ಅರವತ್ತರ ಮೇಲೆ ಒಂದೋ ಎರಡೋ. ನವಲಗುಂದ ತಾಲ್ಲೂಕಿನಲ್ಲಿ ಯಾರ ಮನೆಯ ಮದುವೆಯಿದ್ದರೂ ಸಾವಿರ ರೊಟ್ಟಿಗೆ ಆಕೆಗೇ ಹೇಳಿ ಕಳಿಸುತ್ತಾರೆ. ಆಕೆಯ ಹೆಸರುವಾಸಿ ರುಚಿಗಲ್ಲ, ಅಳತೆಗೆ. ಪರಾತದಲ್ಲಿ ಹಿಟ್ಟು ನಾದಿ ಒಂದು ಉಂಡೆ ಮುರಿದರೆ ಮುಗಿಯಿತು, ಸಾವಿರನೆಯ ಉಂಡೆಯೂ ಅಷ್ಟೇ ಇರುತ್ತದೆ. ತಕ್ಕಡಿ ಯಾಕೆ ಬೇಕು ಎಂದು ಆಕೆ ಕೇಳುವಾಗ ದನಿಯಲ್ಲಿ ಸ್ವಲ್ಪ ಸೊಕ್ಕು ಇರುತ್ತದೆ. ಇರಲಿ ಬಿಡಿ, ದುಡಿದು ಗಳಿಸಿದ ಸೊಕ್ಕು.

ಆ ಅಳತೆಯ ಕೈ ಮನೆಯಲ್ಲೇ ಔಷಧಿಯಾದದ್ದು ಮೊಮ್ಮಗಳು ದಾನೇಶ್ವರಿಯಿಂದ. ಮನೆಯವರಿಗೆ ದಾನಿ. ಎಂಟನೆಯ ವಯಸ್ಸಿಗೆ ಹುಡುಗಿ ಕೊಡಗಟ್ಟಲೆ ನೀರು ಕುಡಿದು, ಹಂಚಿಕಡ್ಡಿಯಾಗಿ, ಕಡೆಗೊಂದು ದಿನ ಎಚ್ಚರ ತಪ್ಪಿ ಹುಬ್ಬಳ್ಳಿಯ ದವಾಖಾನೆ ಸೇರಿದಳು. ಸಕ್ಕರೆ ಕಾಯಿಲೆ, ಮಕ್ಕಳಿಗೆ ಬರುವ ಬಗೆಯದು. ಇನ್ಸುಲಿನ್ ತಯಾರಿಸುವ ಕೆಲಸವನ್ನು ಅವಳ ಹೊಟ್ಟೆಯೊಳಗಿನ ಗ್ರಂಥಿ ನಿಲ್ಲಿಸಿಬಿಟ್ಟಿತ್ತು. ಇನ್ನು ಜೀವವಿರುವವರೆಗೂ ಸೂಜಿಯಿಂದಲೇ ಹಾಕಬೇಕು, ಉಣ್ಣುವುದಕ್ಕೂ ಸೂಜಿಗೂ ಲೆಕ್ಕ ತಾಳೆಯಾಗಬೇಕು ಎಂದರು ಡಾಕ್ಟರು ಶಬನಮ್.

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಸ್ತೂರೆವ್ವ ಮುಂದೆ ಬಂದು ನಿಂತಳು. ಮುಂದಿನ ಭೇಟಿಗೆ ಹತ್ತು ರೊಟ್ಟಿ ಕಟ್ಟಿಕೊಂಡು ಹೋಗಿ ಮೇಜಿನ ಮೇಲಿಟ್ಟಳು. ಶಬನಮ್ ಒಂದೊಂದನ್ನೇ ಪುಟ್ಟ ತಕ್ಕಡಿಯಲ್ಲಿ ತೂಗಿದರು. ಎಲ್ಲವೂ ಎಪ್ಪತ್ತು ಗ್ರಾಮಿನ ಆಸುಪಾಸು. ಅವರು ನಗುತ್ತ ಹುಡುಗಿಯ ಫೈಲಿನಲ್ಲಿ "ಅಜ್ಜಿಯ ರೊಟ್ಟಿ: 70 ಗ್ರಾಂ" ಎಂದು ಬರೆದು, ಆ ರೊಟ್ಟಿಗೆ ತಕ್ಕಂತೆ ಸೂಜಿಯ ಲೆಕ್ಕ ಕೂರಿಸಿದರು. ಸಾಲೆಯ ಮೆಟ್ಟಿಲು ಹತ್ತದ ಕಸ್ತೂರೆವ್ವ ರಕ್ತದ ಸಕ್ಕರೆ ತೋರಿಸುವ ಮೀಟರಿನ ಮೇಲೆ ಮೂಡುವ ಅಂಕಿ ನೋಡಿಯೇ ಅಂಕಿ ಕಲಿತಳು. ನೂರಾ ಇಪ್ಪತ್ತು, ನೂರಾ ಮೂವತ್ತೈದು, ನೂರಾ ಹತ್ತು. ನಾಲ್ಕು ವರ್ಷ ಆ ಅಂಕಿಗಳು ಸಾಧು ಎತ್ತುಗಳಂತೆ ಆಕೆಯ ಹಿಂದೆಯೇ ನಡೆದವು. ಎದುರಿಗೆ ಸಿಕ್ಕವರಿಗೆಲ್ಲ, "ನಮ್ಮ ದಾನೀಗೆ ಸೂಜಿ ಅರ್ಧಾ, ನನ್ನ ರೊಟ್ಟಿ ಅರ್ಧಾ" ಎನ್ನುತ್ತಿದ್ದಳು.

ದಾನಿಗೆ ಹನ್ನೆರಡು ತುಂಬಿದ ಮೇಲೆ ಅಂಕಿಗಳಿಗೆ ಏನಾಯಿತೋ, ಹಗ್ಗ ಹರಿದುಕೊಂಡವು.

ಮೊದಲು ಕೆಟ್ಟದ್ದು ಬೆಳಗಿನ ಅಂಕಿ. ರಾತ್ರಿ ಮಲಗುವಾಗ ನೂರಾ ನಲವತ್ತು ಇದ್ದದ್ದು, ಒಂದು ಕಾಳೂ ತಿನ್ನದೆ ಎದ್ದಾಗ ಇನ್ನೂರಾ ಅರವತ್ತು. ಮರುದಿನ ನೂರಾ ಎಂಬತ್ತು. ಅದರ ಮರುದಿನ ಇನ್ನೂರಾ ತೊಂಬತ್ತು. ಅದೇ ರೊಟ್ಟಿ, ಅದೇ ಪಲ್ಲೆ, ಅದೇ ಸೂಜಿ. ಮಧ್ಯೆ ಒಂದು ದಿನ ಸಾಲೆಯಲ್ಲಿ ಖೋಖೋ ಆಡಿ ಬಂದವಳಿಗೆ ಅರವತ್ತೈದಕ್ಕೆ ಇಳಿದು ಕೈಕಾಲು ನಡುಗಿದವು. ಸೊಸೆ ಮಹಾದೇವಿ, ದಾನಿಯ ತಾಯಿ, ಓಡಿಬಂದು ಸಕ್ಕರೆ ನೀರು ಕುಡಿಸಿದಳು. ಒಂದೇ ಸಮನೆ ಏರಿದ್ದರೆ ಏರಿತು ಅನ್ನಬಹುದಿತ್ತು. ಇದು ಹಾಗೂ ಅಲ್ಲ.

ಬೇರೆ ಮನೆಯಲ್ಲಾಗಿದ್ದರೆ ಹುಡುಗಿ ಕದ್ದು ಪೇಢೆ ತಿಂದಳೆಂದು ಡಬ್ಬಿ ತಡಕುತ್ತಿದ್ದರು. ಕಸ್ತೂರೆವ್ವನಿಗೆ ಆ ಯೋಚನೆ ಬರಲೇ ಇಲ್ಲ. ನಾಲ್ಕು ವರ್ಷ ಅಂಕಿ ಸರಿಯಿದ್ದದ್ದು ತನ್ನ ಕೈಯಿಂದ ಎಂದು ಹೇಳಿಕೊಂಡು ತಿರುಗಿದವಳು, ಅಂಕಿ ಕೆಟ್ಟಾಗ ಮತ್ತೆ ಯಾರ ಕಡೆ ಬೆರಳು ಮಾಡಬೇಕು?

ಆದರೂ ತಪ್ಪು ತನ್ನ ಕೈಯದೆನ್ನುವ ಮೊದಲು ಒಂದು ಸಲ ಗಿರಣಿಯ ಮೇಲೆ ಹಾಕಿ ನೋಡಿದಳು, ನಾವೆಲ್ಲ ಮಾಡುವ ಹಾಗೆ. ಗಿರಣಿ ರಹಿಮಾನಸಾಬನದು. ಆಕೆಯ ಜೋಳ ಮೂವತ್ತು ವರ್ಷದಿಂದ ಅಲ್ಲೇ ಬೀಸುವುದು.

"ಸಾಬ, ಖರೇ ಹೇಳು. ನನ್ನ ಜೋಳಕ್ಕಿಂತ ಮದ್ಲ ಯಾರದರ ಗೋವಿನಜೋಳ ಬೀಸಿದ್ದೇನು? ಹಿಟ್ಟಿನಾಗ ಏನೋ ಕೂಡೇತಿ."

ರಹಿಮಾನಸಾಬ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, "ಯಕ್ಕಾ, ನಿನ್ನ ಜೋಳಾ ಬಂತಂದ್ರ ನಾ ಕಲ್ಲ ಜಾಡಿಸಿ, ಒಂದ ಹಿಡಿ ಬೀಸಿ ಚೆಲ್ಲಿ, ಆಮ್ಯಾಲ ಹಾಕತೇನಿ. ನನ್ನ ಮಗನ ಲಗ್ನಕ್ಕೂ ಇಷ್ಟ ಮಡಿ ಮಾಡಿಲ್ಲ" ಎಂದ. ಆಮೇಲೆ ಹಿಟ್ಟಿನ ಡಬ್ಬಿ ಎತ್ತಿಕೊಳ್ಳುತ್ತಿದ್ದ ದಾನಿಯನ್ನು ನೋಡಿ, "ಏನಬೇ, ಹ್ವಾದ ವರ್ಷ ಈ ಕಟ್ಟಿ ಹತ್ತಿ ಡಬ್ಬಿ ಕೊಡ್ತಿದ್ದಿ, ಈಗ ನೆಲದ ಮ್ಯಾಲ ನಿಂತ ಕೊಡಾಕತ್ತೀಯಲ್ಲ?" ಎಂದು ನಕ್ಕ. ದಾನಿ ನಾಚಿ ತಲೆ ತಗ್ಗಿಸಿದಳು. ಕಸ್ತೂರೆವ್ವನ ತಲೆಯಲ್ಲಿ ಹಿಟ್ಟು ಬಿಟ್ಟು ಮತ್ತೇನೂ ಇರಲಿಲ್ಲವಾಗಿ ಆ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಹಿಟ್ಟು ಸರಿಯಿದ್ದರೆ ತಪ್ಪು ಕೈಯದೇ. ವಯಸ್ಸಾಯಿತು, ಅಂದಾಜು ದಪ್ಪವಾಯಿತು ಎಂದುಕೊಂಡಳು. ಅದಕ್ಕೆ ಯಾರಿಗೂ ಹೇಳದೆ ಪರಿಹಾರ ಹುಡುಕಿಕೊಂಡಳು: ದಾನಿಯ ಉಂಡೆಯಿಂದ ಒಂದು ಚಿಟಿಕೆ ಹಿಟ್ಟು ಮುರಿದು ಪರಾತಕ್ಕೆ ಹಾಕಿದಳು. ಬೆಳಗಿನ ಅಂಕಿ ಇಳಿಯಲಿಲ್ಲ. ಇನ್ನೊಂದು ಚಿಟಿಕೆ ಮುರಿದಳು. ಒಂದು ದಿನ ನೂರಾ ಮೂವತ್ತು ಬಂತು. ನೋಡು, ಕೈ ತಿದ್ದಿದೆ ಎಂದು ಹಿಗ್ಗಿದಳು. ಮರುದಿನ ಮುನ್ನೂರು. ಮತ್ತೂ ಮುರಿದಳು. ರೊಟ್ಟಿಯನ್ನು ತೆಳ್ಳಗೆ ಬಡಿದು ಅಗಲ ಮಾತ್ರ ಮೊದಲಿನಷ್ಟೇ ಇಡುತ್ತಿದ್ದಳು, ತಟ್ಟೆಯಲ್ಲಿ ಕಂಡರೆ ಯಾರಿಗೂ ಗೊತ್ತಾಗಬಾರದೆಂದು. ಬೆಳಕಿಗೆ ಹಿಡಿದರೆ ಆಚೆ ಬದಿಯ ಕಿಟಕಿ ಕಾಣುವಂಥ ರೊಟ್ಟಿ. ಅಂಥ ರೊಟ್ಟಿ ಬಡಿಯಲು ಎಂಥ ಕೈ ಬೇಕು ಎಂಬುದನ್ನು ಯೋಚಿಸಿದ್ದರೆ, ಕೈ ಕೆಟ್ಟಿಲ್ಲವೆಂದು ಆಕೆಗೆ ಅಲ್ಲೇ ಹೊಳೆಯಬೇಕಿತ್ತು.

ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ತೋರಿಸಲು ಹೋಗಬೇಕು. ಒಂದು ಸಲ ಹತ್ತಿ ಬಿಡಿಸುವ ಕೆಲಸ ಬಂತು, ಮಗ ಈರೇಶನಿಗೆ ಟ್ರ್ಯಾಕ್ಟರ್ ಬಿಟ್ಟು ಇಳಿಯಲು ಪುರಸೊತ್ತಿಲ್ಲ. ಇನ್ನೊಂದು ಸಲ ಪುರಸೊತ್ತಿತ್ತು, ಕಸ್ತೂರೆವ್ವನೇ ಬೇಡವೆಂದಳು. "ಈ ಅಂಕಿ ಬರದ ಪುಸ್ತಕಾ ಹಿಡಕೊಂಡ ಯಾವ ಮುಖಾ ತಗೊಂಡ ಹೋಗೂದು? ಅಂಕಿ ಸುಧಾರಿಸಲಿ, ಆಮ್ಯಾಲ ಹೋಗೂಣು" ಎಂದಳು. ಔಷಧಿ ಮಾತ್ರ ಯಾರದೋ ಕೈಯಲ್ಲಿ ತರಿಸಿಕೊಂಡರು. ಸೂಜಿಯ ಲೆಕ್ಕ ಎಂಟು ತಿಂಗಳ ಹಿಂದಿನದೇ ಉಳಿಯಿತು.

ದಾನಿ ಮಾತ್ರ ಉದ್ದವಾಗುತ್ತಿದ್ದಳು. ಲಂಗ ಮೀನಖಂಡದ ಮೇಲೆ ಏರಿತು, ಚಪ್ಪಲಿ ಎರಡು ಸಲ ಬದಲಾಯಿತು. ಹಾಗಂತ ಮೈಗೆ ಮಾಂಸವಿಲ್ಲ, ಕೊರಳೆಲುಬು ಎಣಿಸಬಹುದು. ಖೋಖೋದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಈಗ ಎರಡು ಸುತ್ತಿಗೆ ದಣಿದು ಕೂರುತ್ತಿದ್ದಳು. ಸಾಲೆಯಲ್ಲಿ ನೀರಿಗೆ, ಬಯಲಿಗೆ ಮೇಲಿಂದ ಮೇಲೆ ಎದ್ದು ಹೋಗುವುದು ಶುರುವಾದಾಗ ಮಹಾದೇವಿಗೆ ಹೆದರಿಕೆ ಹತ್ತಿತು. ಎಂಟನೆಯ ವಯಸ್ಸಿನಲ್ಲಿ ಕಂಡದ್ದು ಇದೇ ಲಕ್ಷಣ. ಅಂಥ ಮೆತ್ತನೆಯ ಸೊಸೆ ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅತ್ತೀ, ನಿಮ್ಮ ಮುಖಾ ನೀವ ಇಟಗೊಳ್ರಿ. ನಾಳೆ ನಾವ ಹುಬ್ಬಳ್ಳಿಗೆ ಹೋಗಾವ್ರ" ಎಂದಳು. ಈರೇಶ ಎರಡನೆಯ ಮಾತಿಲ್ಲದೆ ಟ್ರ್ಯಾಕ್ಟರ್ ನಿಲ್ಲಿಸಿದ. ಕಸ್ತೂರೆವ್ವ ಬುತ್ತಿ ಕಟ್ಟಿದಳು, ಮತ್ತೇನು ಮಾಡಿಯಾಳು. ಬಸ್ಸಿನಲ್ಲಿ ಇಡೀ ದಾರಿ ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಎಂಟನೆಯ ವಯಸ್ಸಿನಲ್ಲಿ ಎಚ್ಚರ ತಪ್ಪಿದ ಮಗುವಿನ ಭಾರ ಆಕೆಯ ತೊಡೆಗೆ ಇನ್ನೂ ನೆನಪಿತ್ತು.

ಶಬನಮ್ ಬೈಯಲಿಲ್ಲ. ದಾನಿಯನ್ನು ಗೋಡೆಗೆ ನಿಲ್ಲಿಸಿ ಅಳೆದರು, ತೂಗಿದರು. ಎತ್ತರ ಆರು ಸೆಂಟಿಮೀಟರ್ ಹೆಚ್ಚು, ತೂಕ ಒಂದು ಕಿಲೋ ಕಡಿಮೆ. ಇನ್ಸುಲಿನ್ ಸಾಲದಿದ್ದಾಗ ಮೂತ್ರದಲ್ಲಿ ಕಾಣುವ ಕೀಟೋನು ಇದೆಯೇ ನೋಡಿಸಿದರು. ಪಟ್ಟಿಯ ಮೇಲೆ ಅಷ್ಟಿಷ್ಟು ಬಣ್ಣ ಕಂಡಿತು. ಇನ್ನೊಂದೆರಡು ವಾರ ತಡವಾಗಿದ್ದರೆ ಮತ್ತೆ ಮಲಗಿಸುವ ಪ್ರಸಂಗ ಬರುತ್ತಿತ್ತು ಎಂದರು. ಸೂಜಿ ಚುಚ್ಚುವ ಜಾಗದಲ್ಲಿ ಗಂಟು ಕಟ್ಟಿದೆಯೇ ಎಂದು ಕೈಯಾಡಿಸಿ ನೋಡಿದರು, ಇರಲಿಲ್ಲ. ಇನ್ಸುಲಿನ್ ಎಲ್ಲಿಡುತ್ತೀರಿ ಎಂದು ಕೇಳಿದರು. ಕರೆಂಟಿನ ಭರವಸೆಯಿಲ್ಲದ ಊರಾದ್ದರಿಂದ ಮಣ್ಣಿನ ಗಡಿಗೆಯಲ್ಲಿ, ಒದ್ದೆ ಮರಳಿನ ನಡುವೆ. ಅದೂ ಸರಿಯೇ ಇತ್ತು. ಕಡೆಗೆ, "ಊಟಕ್ಕ ಏನ ತಂದೀರಿ? ತೋರಸ್ರಿ" ಎಂದರು.

ಕಸ್ತೂರೆವ್ವ ಬುತ್ತಿಯ ಗಂಟನ್ನು ಮಡಿಲಿಗೆ ಇನ್ನಷ್ಟು ಒತ್ತಿ ಹಿಡಿದಳು. ಮಹಾದೇವಿ ಬಿಡಿಸಿಕೊಂಡು ಮೇಜಿನ ಮೇಲಿಟ್ಟಳು. ಅದೇ ಪುಟ್ಟ ತಕ್ಕಡಿ. ರೊಟ್ಟಿ ಇಟ್ಟರು: ನಲವತ್ತೊಂದು. ಇನ್ನೊಂದು: ನಲವತ್ತೊಂದು. ಫೈಲಿನ ಹಳೆಯ ಹಾಳೆ ತಿರುವಿ ಶಬನಮ್ ತಲೆ ಎತ್ತಿದರು.

"ಆಯಿ, ಇದು ಕೈ ತಪ್ಪಿದ್ದಲ್ಲ. ಕೈ ತಪ್ಪಿದ್ರ ಎರಡೂ ಒಂದ ತೂಕ ಬರ್ತಿದ್ದಿಲ್ಲ. ಬೇಕಂತ ಮಾಡೀರಿ."

ಈರೇಶ ತಾಯಿಯ ಮುಖ ನೋಡಿದ. ಕಸ್ತೂರೆವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಹೌದ್ರಿ" ಎಂದಳು. "ಅಂಕಿ ಇಳೀಲಿ ಅಂತ ಮುರದೇನ್ರಿ. ದಿನಾ ಒಂದೊಂದ ಚಿಟಿಕಿ. ನನ್ನ ಕೈಯಾಗ ಏನೋ ಖೋಟ ಬಂದೇತ್ರಿ."

"ನಿಮ್ಮ ಕೈಯಾಗಲ್ಲ. ಹುಡುಗಿ ಮೈಯಾಗ. ಅದೂ ಖೋಟ ಅಲ್ಲ, ಬೆಳವಣಿಗಿ. ದಾನೇಶ್ವರಿ ದೊಡ್ಡಾಕಿ ಆಗಾಕತ್ತಾಳ."

"ಇನ್ನೂ ಆಗಿಲ್ರಿ!" ಎಂದಳು ಕಸ್ತೂರೆವ್ವ ಥಟ್ಟನೆ. ಕೂರಿಸಿ, ಆರತಿ ಎತ್ತಿ, ಉಡಿ ತುಂಬುವ ಶಾಸ್ತ್ರವೆಲ್ಲ ಬಾಕಿ ಇರುವಾಗ ಈ ಡಾಕ್ಟರು ಹೇಳುವುದೇನು! ದಾನಿ ನಾಚಿಕೆಯಿಂದ ಗೋಡೆಯ ಮೇಲಿನ ಚಿತ್ರ ನೋಡತೊಡಗಿದಳು.

"ನೀವು ಅದನ್ನ ಒಂದ ದಿನದ ಕೆಲಸ ಅಂತ ತಿಳಿದೀರಿ, ಆಯಿ. ನಿಮಗ ಗೊತ್ತಾಗೋ ದಿನಕ್ಕಿಂತ ವರ್ಷ ಎರಡ ವರ್ಷ ಮದ್ಲ ಮೈ ಕೆಲಸಾ ಚಾಲೂ ಮಾಡಿರ್ತೇತಿ. ಎತ್ತರ ಬೆಳಸೋ ರಸ ಒಂದೈತಿ. ಈ ವಯಸ್ಸಿನಾಗ ಅದು ಭಾಳ ಇಳೀತೇತಿ, ಹೆಚ್ಚಾಗಿ ರಾತ್ರಿ ಮಕ್ಕೊಂಡಾಗ. ಹೆಣ್ಣತನಾ ತರೋ ರಸಾನೂ ಅದರ ಜೋಡಿ ಕೂಡತೇತಿ. ಇವು ಬಂದ್ರ ಇನ್ಸುಲಿನ್ ಮಾತ ಮೈ ಸರಿಯಾಗಿ ಕೇಳೂದಿಲ್ಲ. ಇನ್ನೊಂದ ಕಡೆ ನಸಿಕಿನ್ಯಾಗ ಲಿವರ್ ತನ್ನ ಕೂಡಿಟ್ಟ ಸಕ್ಕರಿ ರಕ್ತಕ್ಕ ಬಿಡತೇತಿ. ಹಂಗಾಗಿ ಏನೂ ತಿನ್ನದಿದ್ರೂ ಮುಂಜಾನೆ ಏರಿರ್ತೇತಿ."

"ಹಂಗಾರ ಒಂದ ದಿನಾ ಏರಿ ಒಂದ ದಿನಾ ಯಾಕ ಇಳೀತೇತ್ರಿ?" ಎಂದ ಈರೇಶ.

"ಆ ರಸ ದಿನಾ ಒಂದ ಅಳತಿಗೆ ಇಳಿಯೂದಿಲ್ಲ. ಒಂದ ರಾತ್ರಿ ಹೆಚ್ಚು, ಒಂದ ರಾತ್ರಿ ಕಡಿಮಿ. ಅದರ ಮ್ಯಾಲ ಆಟಾ, ಓಟಾ, ಪರೀಕ್ಷಿ ಹೆದರಿಕಿ. ಮುಂದ ತಿಂಗಳದ್ದು ಶುರು ಆದಮ್ಯಾಲ ಅದಕ್ಕಿಂತ ಒಂದೆರಡ ದಿನಾ ಮದ್ಲೂ ಏರಬಹುದು."

"ಓಣ್ಯಾಗಿನ ಉಳದ ಹುಡುಗ್ಯಾರೂ ಬೆಳಿಯಾಕತ್ತಾರಲ್ರಿ, ಅವರಿಗ್ಯಾಕ ಏರೂದಿಲ್ಲ?" ಎಂದಳು ಮಹಾದೇವಿ.

"ಅವರ ಮೈನೂ ಹಿಂಗ ಮಾತ ಕೇಳೂದಿಲ್ಲ. ಆದ್ರ ಅವರ ಒಳಗಿನ ಗ್ರಂಥಿ ತಂತಾನ ಇನ್ಸುಲಿನ್ ಹೆಚ್ಚ ಮಾಡಿ ಸರಿದೂಗಸ್ತೇತಿ. ಈಕಿಗೆ ಅದಿಲ್ಲ. ಆ ಹೆಚ್ಚಿಂದನ್ನ ನಾವ ಸೂಜಿಯಿಂದ ಕೊಡಬೇಕು. ಆಯಿ, ಒಂದ ಮಾತ ಕೇಳತೇನಿ. ಒಲಿಗೆ ಹಸಿ ಕಟಗಿ ಬಂದ್ರ ರೊಟ್ಟಿ ಬೇಯೂದಿಲ್ಲ. ಆವಾಗ ನೀವು ರೊಟ್ಟಿ ಸಣ್ಣದ ಮಾಡ್ತೀರೋ, ಕಟಗಿ ಹೆಚ್ಚ ಹಾಕ್ತೀರೋ?"

ಕಸ್ತೂರೆವ್ವ ತಟಕ್ಕನೆ, "ಕಟಗಿ ಹಾಕತೇನ್ರಿ, ರೊಟ್ಟಿ ಯಾಕ..." ಎಂದವಳು ಅಲ್ಲಿಗೇ ನಿಂತಳು. ನಲವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಬನಮ್ ಹೊಸ ಲೆಕ್ಕ ಬರೆದರು. ದಿನಕ್ಕೆ ಇಪ್ಪತ್ತನಾಲ್ಕು ಯೂನಿಟ್ ಇದ್ದದ್ದು ಒಮ್ಮೆಲೇ ಅಲ್ಲ, ಮೂರು ಮೂರು ದಿನಕ್ಕೆ ಎರಡೆರಡು ಏರುತ್ತ ಹೋಗಬೇಕು. ಏರಿಸಿದಾಗೆಲ್ಲ ಅಂಕಿಗಳನ್ನು ಫೋನಿನಲ್ಲಿ ತಿಳಿಸಬೇಕು. ಹೆಚ್ಚಿಸಿದ ರಾತ್ರಿ ಅಲಾರಂ ಇಟ್ಟು ನಸುಕಿನ ಮೂರಕ್ಕೆ ಎದ್ದು ಒಂದು ಸಲ ನೋಡಬೇಕು, ಒಳಗಿಂದೊಳಗೆ ಇಳಿಯುತ್ತಿಲ್ಲ ತಾನೇ ಎಂದು. ಆಟದ ದಿನ ಚೀಲದಲ್ಲಿ ಗ್ಲುಕೋಸ್ ಇರಲೇಬೇಕು. "ಇನ್ನ ರೊಟ್ಟಿ. ಬೆಳಿಯೋ ಹುಡುಗಿಗೆ ಹಸಿವು ಹೆಚ್ಚ ಇರೂದ. ಎಪ್ಪತ್ತ ಗ್ರಾಮಿಂದ ಬಡೀರಿ. ಎಷ್ಟ ತಿಂದಳು ಅನ್ನೂದನ್ನ ಹೇಳ್ರಿ, ಅಷ್ಟಕ್ಕ ಸೂಜಿ ಹೊಂದಸೋ ಕೆಲಸಾ ನಂದು. ಇಷ್ಟೆಲ್ಲಾ ಮಾಡಿದ್ರೂ ಕೆಲವು ದಿನಾ ಅಂಕಿ ಹಾರತೇತಿ. ಅದು ಯಾರ ತಪ್ಪೂ ಅಲ್ಲ. ಬೆಳವಣಿಗಿ ಮುಗದಮ್ಯಾಲ ಒಂದ ಹದಕ್ಕ ಬರ್ತೇತಿ, ಸೂಜೀನೂ ಇಳೀತೇತಿ."

ಹೊರಗಿನ ಬೆಂಚಿನ ಮೇಲೆ ಈರೇಶ ತಾಯಿಗೆ ಏನೋ ಅನ್ನಲು ಬಾಯಿ ತೆರೆದ. ಮಹಾದೇವಿ ಕಣ್ಣಲ್ಲೇ ತಡೆದಳು. ಅನ್ನುವುದು ಬೇಕಾಗಿರಲಿಲ್ಲ. ಹೊಟ್ಟೆಗೆ ಹಾಕುವುದೊಂದೇ ತನ್ನ ಕಸುಬು ಅಂದುಕೊಂಡವಳು, ಮೊಮ್ಮಗಳ ಹೊಟ್ಟೆಯಿಂದಲೇ ಕಿತ್ತುಕೊಂಡೆನಲ್ಲ ಎಂದು ಕಸ್ತೂರೆವ್ವ ಒಳಗೊಳಗೇ ಬೆಂದುಹೋಗಿದ್ದಳು. ಅಳದ ಪೈಕಿಯವಳು ಅಂದು ಹುಬ್ಬಳ್ಳಿಯಿಂದ ಮೊರಬದವರೆಗೆ ಸೆರಗಿನ ತುದಿ ಒದ್ದೆ ಮಾಡಿದಳು.

ಇನ್ಸುಲಿನ್ ಏರುತ್ತ ಮೂವತ್ತಾಯಿತು, ಮೂವತ್ತಾರಾಯಿತು. ಅಂಕಿಗಳು ಮೊದಲಿನಂತೆ ಸಾಧುವಾಗಲಿಲ್ಲ, ಆದರೆ ಊರು ಬಿಟ್ಟು ಓಡುವುದನ್ನು ನಿಲ್ಲಿಸಿದವು. ನೂರಾ ನಲವತ್ತು, ನೂರಾ ಎಪ್ಪತ್ತು, ಒಂದು ದಿನ ತೊಂಬತ್ತೈದು. ದಾನಿ ಸಾಲೆಯಲ್ಲಿ ನಡುನಡುವೆ ಎದ್ದು ಹೋಗುವುದು ನಿಂತಿತು. ಖೋಖೋದಲ್ಲಿ ಯಾರನ್ನೋ ಅಟ್ಟಿಸಿಕೊಂಡು ಹೋಗಿ ಮೊಣಕಾಲು ತರಚಿಕೊಂಡು ಬಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ದಾನಿ ಬೆರಳು ಚುಚ್ಚಿ ನೋಡಿ, "ಎರಡನೂರಾ ಹದಿನಾಕ!" ಎಂದು ಒಳಗಿನಿಂದ ಕೂಗಿದಳು. ರಾತ್ರಿ ಎಲ್ಲವೂ ಸರಿಯಾಗಿತ್ತು. ಒಲೆಯ ಮುಂದೆ ಕೂತಿದ್ದ ಕಸ್ತೂರೆವ್ವನ ಬೆರಳು ಅಭ್ಯಾಸಬಲದಿಂದ ಉಂಡೆಯ ಮೇಲೆ ಹೋಯಿತು. ಆಕೆ ಅದನ್ನು ಹಿಂದಕ್ಕೆ ತೆಗೆದುಕೊಂಡು ರೊಟ್ಟಿ ಬಡಿದಳು. ದಾನಿ ಶಬನಮ್ ಕೊಟ್ಟ ಚೀಟಿ ನೋಡಿ, ಏರಿದ್ದಕ್ಕೆ ಎಷ್ಟು, ಎರಡು ರೊಟ್ಟಿಗೆ ಎಷ್ಟು ಎಂದು ತಾನೇ ಕೂಡಿಸಿ, ಅವ್ವನಿಗೆ ತೋರಿಸಿ ಸೂಜಿ ಚುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಒಲೆಯ ಪಕ್ಕಕ್ಕೆ ಬಂದು ಕೂತು, ಶೇಂಗಾ ಹಿಂಡಿ, ಮೊಸರು, ಬದನೆಕಾಯಿ ಪಲ್ಲೆ ಹಚ್ಚಿಕೊಂಡು ಉಣ್ಣತೊಡಗಿದಳು. ಹಸಿದ ಮಗು ಉಣ್ಣುವುದನ್ನು ನೋಡುವ ಸುಖ ಬೇರೆ. ಕಸ್ತೂರೆವ್ವನಿಗೆ ಆ ಸುಖದಲ್ಲೂ ಒಂದು ಮುಳ್ಳು ಉಳಿದಿತ್ತು.

"ದಾನೀ, ರೊಟ್ಟಿ ಸಣ್ಣದಾಗಿದ್ದು ನಿನಗ ಗೊತ್ತಾಗಿರಲಿಲ್ಲೇನು?"

"ಮೊದಲನೇ ದಿನಾನ ಗೊತ್ತಾಗಿತ್ತ ಆಯಿ."

ಕಸ್ತೂರೆವ್ವನ ಕೈ ಹಂಚಿನ ಮೇಲೆ ನಿಂತಿತು. "ಗೊತ್ತಾಗಿ ಯಾಕ ಸುಮ್ಮನಿದ್ದಿ? ಹಸಿವು ಆಗ್ತಿದ್ದಿಲ್ಲೇನ?"

"ಆಗ್ತಿತ್ತು." ದಾನಿ ರೊಟ್ಟಿಯ ಅಂಚನ್ನು ಮುರಿಯುತ್ತ, ತಲೆ ಎತ್ತದೆ ಹೇಳಿದಳು. "ನಿಂದು ನನ್ನದಕ್ಕಿಂತ ಸಣ್ಣದಿರ್ತಿತ್ತ ಆಯಿ. ನಾ ದಿನಾ ನೋಡ್ತಿದ್ದೆ. ಕಡೀಕ ಕಡೀಕ ಅರ್ಧಾ ರೊಟ್ಟಿಗೆ ಕೈ ತೊಳಕೊಂಡ ಏಳ್ತಿದ್ದಿ. ನಾ ಹಸಿವು ಅಂದ್ರ ನೀ ಅದನ್ನೂ ನನಗ ಕೊಟ್ಟಬಿಡ್ತಿದ್ದಿ."

ಕಸ್ತೂರೆವ್ವನಿಗೆ ಇದು ಗೊತ್ತೇ ಇರಲಿಲ್ಲ. ಮೊಮ್ಮಗಳ ಉಂಡೆ ಮುರಿದ ಕೈ, ಹೇಳದೆ ಕೇಳದೆ ತನ್ನ ಉಂಡೆಯನ್ನೂ ಮುರಿಯುತ್ತ ಬಂದಿತ್ತು. ರವಿಕೆ ಸಡಿಲವಾದದ್ದು ಹೌದು, ವಯಸ್ಸು ಎಂದುಕೊಂಡಿದ್ದಳು. ಹಂಚಿನ ಮೇಲಿನ ರೊಟ್ಟಿಯ ಒಂದು ಬದಿ ಕರಕಾಯಿತು.

ದಾನಿ ಎದ್ದು ಆ ರೊಟ್ಟಿಯನ್ನು ತೆಗೆದು, ಇನ್ನೊಂದು ತಟ್ಟೆಗೆ ಹಾಕಿ, ಮೇಲೆ ಪಲ್ಲೆ ಬಡಿಸಿ ಆಯಿಯ ಮುಂದಿಟ್ಟಳು. ಆಯಿಯ ಪಕ್ಕದಲ್ಲಿ ನಿಂತರೆ ಹುಡುಗಿ ಈಗ ಆಕೆಗಿಂತ ಎತ್ತರ.

"ಪೂರಾ ಉಣ್ಣು. ನಾ ನೋಡಕೋತ ಕುಂದರ್ತೇನಿ" ಎಂದಳು.